ಹೆಸರು ಬಿತ್ತಿದವರ ಹೆಸರು

ಈರಬಸಪ್ಪನ ಗಂಟಲೊಳಗೆ ಒಂದು ಇಡೀ ಊರು ಬಾಡಿಗೆಗಿತ್ತು. ಅಣ್ಣಿಗೇರಿ ಬಸ್‌ಸ್ಟ್ಯಾಂಡಿನ ಕಂಡಕ್ಟರ್, ಅಡತಿ ಅಂಗಡಿಯಲ್ಲಿ ಸವಾಲು ಕೂಗುವವನು, ಪಾಠಕ್ಕಿಂತ ಹೆಚ್ಚು ಕೆಮ್ಮುತ್ತಿದ್ದ ಕಾಲೇಜಿನ ಪ್ರೊಫೆಸರ್, ಸೊಸೆಯನ್ನು ಕರೆಯುವ ಅತ್ತೆ, ಕರೆದರೂ ಓಗೊಡದ ಸೊಸೆ, ಎಲ್ಲರೂ ಅಲ್ಲಿ ಸಂಸಾರ ಹೂಡಿದ್ದರು. ಕರೆದಾಗ ಒಬ್ಬೊಬ್ಬರಾಗಿ ತಮ್ಮ ತಮ್ಮ ದನಿಯಲ್ಲೇ ಹೊರಗೆ ಬರುತ್ತಿದ್ದರು. ಬಿ.ಎ. ಮುಗಿಸಿ ರೇಡಿಯೋ ನಿಲಯದಲ್ಲಿ ರೈತರ ಕಾರ್ಯಕ್ರಮಕ್ಕೆ ಕೆಲಸಕ್ಕೆ ಸೇರಿದ ಮೇಲೆ ಅಲ್ಲಿಯ ಸಾಹೇಬರೂ ಬಂದು ಆ ಊರಿನಲ್ಲಿ ಒಂದು ಖೋಲಿ ಹಿಡಿದಿದ್ದರು. ಪಾಪ, ಅವರಿಗೆ ಅದು ಗೊತ್ತಿರಲಿಲ್ಲ.

ಇನ್ನೊಂದು ಚಟ ಶಬ್ದಗಳದು. ಎರಡರ್ಥದ ಮಾತು ಸಿಕ್ಕಿತೆಂದರೆ ಬಿಡುವ ಜೀವ ಅದಲ್ಲ. ಹೀಗಾಗಿ ಹೆಸರು ಬೆಳೆಯ ಬೀಜ ಕಾಪಾಡುವ ಬಗ್ಗೆ ಕಾರ್ಯಕ್ರಮ ಮಾಡು ಎಂದು ಸಾಹೇಬರು ಹೇಳಿದಾಗ ಅವನಿಗೆ ಹಬ್ಬ. ಹೆಸರು ಎಂದರೆ ಕಾಳು, ಹೆಸರು ಎಂದರೆ ಹೆಸರು. ಶಲವಡಿಗೆ ಹೋಗುವ ಬಸ್ಸಿನಲ್ಲಿ ಬ್ಯಾಟರಿಯ ಟೇಪ್ ರೆಕಾರ್ಡರನ್ನು ಕೂಸಿನಂತೆ ತೊಡೆಯ ಮೇಲೆ ಇಟ್ಟುಕೊಂಡು, ಕೇಳುವ ಪ್ರಶ್ನೆಯನ್ನು ಬಾಯಲ್ಲೇ ಮಸೆಯುತ್ತ ಕೂತಿದ್ದ.

ಶಲವಡಿಯಲ್ಲಿ ರೇವವ್ವನೆಂದರೆ ಬೀಜದ ರೇವವ್ವ. ಊರಲ್ಲೆಲ್ಲ ಹೆಸರಿಗೆ ಹುಳ ಬಿದ್ದರೂ ಇವಳ ಗಡಿಗೆಯೊಳಗಿನ ಕಾಳು ಒಂದೂ ತೂತಾಗುತ್ತಿರಲಿಲ್ಲ. ಪಡಸಾಲೆಯಲ್ಲಿ ಚಾಪೆ ಹಾಸಿ, ಎದುರಿಗೆ ಎರಡು ಗಡಿಗೆ ಇಟ್ಟುಕೊಂಡು ಮೈಕಿನ ಮುಂದೆ ಕೂತಳು. ಗಂಡ ಮಡಿವಾಳೆಪ್ಪ ಬಾಗಿಲ ಬಾಜು ಗೋಡೆಗೆ ಆತುಕೊಂಡು ಎಲೆ-ಅಡಿಕೆ ಮೆಲ್ಲುತ್ತಿದ್ದ. ಮುದುಕಿ ಮೈಕಿಗೆ ಅಂಜುವವಳಲ್ಲ. ಒಲೆಯ ಬೂದಿ ಸಾಣಿಸಿ ಕಾಳಿಗೆ ಬೆರೆಸುವುದು, ನಡುನಡುವೆ ಬೇವಿನ ಎಲೆಯ ತಪ್ಪಲು ಹಾಸುವುದು, ಮೇಲೆ ಗಡಿಗೆಯ ಬಾಯಿಗೆ ಸೆಗಣಿ ಮೆತ್ತುವುದು, ಎಲ್ಲವನ್ನೂ ತಡವರಿಸದೆ ಹೇಳಿದಳು. ಒಂದು ಕಡೆ ಹೊರಗೆ ಬಸ್ಸು ಹಾರ್ನ್ ಹೊಡೆದು "ತಪ್ಪಲ" ಎಂಬ ಮಾತನ್ನು ನುಂಗಿತು. ಈರಬಸಪ್ಪ ಕೈ ಎತ್ತಿ, "ಇನ್ನೊಮ್ಮೆ ಅನ್ರಿ ಯವ್ವಾ" ಎಂದ. ಅವಳು ಅದೇ ರಾಗದಲ್ಲಿ ಇನ್ನೊಮ್ಮೆ ಅಂದಳು.

ಕೊನೆಗೆ ಅವನು ತಾನು ಮಸೆದು ತಂದಿದ್ದನ್ನು ಹೊರತೆಗೆದ.

"ಯವ್ವಾ, ಈ ಹೆಸರು ಬಿತ್ತಿದವ್ರ ಹೆಸರೇನ್ರಿ?"

"ಹೆಸರು ಬಿತ್ತಿದವ್ರ ಹೆಸರಾ? ಅವ್ರ ಹೆಸರು…"

ಅಷ್ಟರಲ್ಲಿ ಅಂಗಳದ ನಾಯಿ ಯಾವುದೋ ಆಡಿಗೆ ಎರಡು ಸಲ ಬೊಗಳಿತು. ಯಂತ್ರದಲ್ಲಿ ಸದ್ದು ಅಳೆಯುವ ಮುಳ್ಳು ಸರ್ರನೆ ಕೆಂಪಿಗೆ ಹಾರಿತು. ಈರಬಸಪ್ಪನ ಕಣ್ಣು ಮುಳ್ಳಿನ ಮೇಲೆ.

"…ಅಷ್ಟ ನೋಡ್ರಿ!" ಎಂದು ರೇವವ್ವ ನಕ್ಕಳು. ಬಾಗಿಲ ಹತ್ತಿರ ಮಡಿವಾಳೆಪ್ಪನೂ ನಕ್ಕ. ತನ್ನ ಮಾತಿನ ಚಮತ್ಕಾರಕ್ಕೆ ನಕ್ಕರೆಂದು ಈರಬಸಪ್ಪನೂ ನಕ್ಕ. ಎಲ್ಲರೂ ಸುಮ್ಮನಿದ್ದಾಗಿನ ಪಡಸಾಲೆಯ ಬರಿ ಸಪ್ಪಳವನ್ನು ಒಂದಿಷ್ಟು ಟೇಪಿಗೆ ತುಂಬಿಕೊಳ್ಳುವಷ್ಟರಲ್ಲಿ ಹೊರಗೆ ಬಸ್ಸು ಹೊರಡುವ ಸದ್ದಾಯಿತು. ಇನ್ನೊಮ್ಮೆ ಕೇಳಲು ಹೊತ್ತಿರಲಿಲ್ಲ. ಯಂತ್ರವನ್ನು ಎತ್ತಿಕೊಂಡು ಓಡಿದ.

ಈ ಬರಿ ಸಪ್ಪಳ ಬಲ್ಲವರ ಗುಟ್ಟು. ಮೌನವೆಂದು ನಾವು ಅಂದುಕೊಂಡಿದ್ದರಲ್ಲಿ ದೂರದ ಗುಬ್ಬಿ ಇರುತ್ತದೆ, ಗಾಳಿ ಇರುತ್ತದೆ, ನೆರೆಮನೆಯ ಬೀಸುಕಲ್ಲು ಇರುತ್ತದೆ. ಟೇಪಿನಿಂದ ನಾಯಿಯನ್ನು ಕತ್ತರಿಸಿ ಆ ಜಾಗದಲ್ಲಿ ಏನೂ ಇಲ್ಲದ ಟೇಪು ಅಂಟಿಸಿದರೆ ಕಿವಿ ಕೂಡಲೇ ಹಳ್ಳಕ್ಕೆ ಬೀಳುತ್ತದೆ. ಆ ಮನೆಯ ಮೌನವನ್ನೇ ಅಷ್ಟುದ್ದ ಕತ್ತರಿಸಿ ಕೂರಿಸಿದರೆ ತೇಪೆ ಗೊತ್ತಾಗುವುದಿಲ್ಲ.

ಮರುದಿನ ನಿಲಯದಲ್ಲಿ ಬಸ್ಸಿನ ಹಾರ್ನನ್ನು ಅವನು ಚಹಾ ಆರುವುದರೊಳಗೆ ಮುಗಿಸಿದ. ಚಕ್ರಗಳನ್ನು ಕೈಯಿಂದ ಹಿಂದೆ-ಮುಂದೆ ಮೆಲ್ಲಗೆ ಆಡಿಸಿ, "ತಪ್ಪಲ"ದ ತಕಾರಕ್ಕೆ ನಾಲಿಗೆ ಹಲ್ಲಿಗೆ ತಾಗಿ ಉಸಿರು ಕಟ್ಟುವ ಆ ಕೂದಲೆಳೆಯಷ್ಟು ಬಿಡುವನ್ನು ಹಿಡಿದ. ಟೇಪಿನ ಬೆನ್ನ ಮೇಲೆ ಹಳದಿ ಪೆನ್ಸಿಲಿನ ಗುರುತು ಹಾಕಿ, ಓರೆ ಗೀರು ಇರುವ ಅಚ್ಚಿನಲ್ಲಿಟ್ಟು ಬ್ಲೇಡಿನಿಂದ ಓರೆಯಾಗಿ ಕೊಯ್ದ. ಹಾರ್ನ್ ತಿಂದ ತಪ್ಪಲು ಹೊರಗೆ, ಎರಡನೆಯ ಸಲ ಅಂದ ತಪ್ಪಲು ಒಳಗೆ. ಹಿಂದಿನಿಂದ ಅಂಟುಪಟ್ಟಿ. ಉಸಿರಿಗೂ ಗಾಯವಾಗಲಿಲ್ಲ.

ನಾಯಿ ಮಾತ್ರ ಕಚ್ಚಿತು.

ಮಾತಿನ ನಡುವಿನ ಬಿಡುವಿನಲ್ಲಿ ಬೊಗಳಿದ ನಾಯಿಯನ್ನು ಕೊಯ್ದು ಎಸೆಯಬಹುದು. ಮಾತಿನ ಮೇಲೆಯೇ ಬೊಗಳಿದರೆ ಟೇಪಿನ ಅದೇ ಅಂಗುಲದಲ್ಲಿ ಇಬ್ಬರೂ ಇರುತ್ತಾರೆ. ಬ್ಲೇಡಿಗೆ ಇಬ್ಬರೂ ಒಂದೇ. ಫಿಲ್ಟರ್ ತಿರುಗಿಸಿ ನೋಡಿದ. ನಾಯಿಯ ದನಿ ಇರುವಲ್ಲೇ ಮುದುಕಿಯ ದನಿಯೂ ಇರುವುದರಿಂದ ನಾಯಿ ತುಸು ದೂರ ಹೋಯಿತು, ಮುದುಕಿ ಗಡಿಗೆಯೊಳಗೆ ಇಳಿದಳು. ಅವಳ ಮಾತು "ಅವ್ರ ಹೆಸರು" ಎಂಬಲ್ಲಿಯವರೆಗೆ ಸ್ಪಷ್ಟ. ಆಮೇಲೆ ಎರಡು ಬೊಗಳು. ಬೊಗಳಿನ ಅಡಿಯಲ್ಲಿ ಒಂದು "ಮ" ಕೇಳಿದಂತಾಯಿತು. ಆಮೇಲೆ "ಅಷ್ಟ ನೋಡ್ರಿ."

"ಮಡಿವಾಳೆಪ್ಪ ಅಂದಾಳ ಮುದುಕಿ. ನಾಯಿ ತಿಂದೈತಿ" ಎಂದ ಈರಬಸಪ್ಪ.

ಬಾಜು ಯಂತ್ರದ ಮುಂದೆ ಕೂತಿದ್ದ ಜೊತೆಗಾರ ಇಮಾಮುದ್ದೀನ, "ಪ್ರಶ್ನೀನೂ ತಗದ ಒಗಿಯೋ ಮಾರಾಯ. ಬೀಜದ್ದು ಎಲ್ಲಾ ಬಂದೈತಿ. ಗಂಡನ ಹೆಸರ ತಗೊಂಡ ರೈತ್ರೇನ ಬಿತ್ತತಾರೇನು?" ಎಂದ.

ಅದೇ ಸರಿಯಾದ ಮಾತಾಗಿತ್ತು. ಆದರೆ ಪ್ರಶ್ನೆಯನ್ನು ತೆಗೆದರೆ ಈರಬಸಪ್ಪನ ಚಮತ್ಕಾರ ಹೋಗುತ್ತಿತ್ತು. ಉತ್ತರವಿಲ್ಲದೆ ಬಿಟ್ಟರೆ ಅದು ಹಗ್ಗವಿಲ್ಲದ ತೊಟ್ಟಿಲಾಗುತ್ತಿತ್ತು. ಬಸ್ಸಿನಲ್ಲಿ ಅಷ್ಟುದ್ದ ಮಸೆದದ್ದನ್ನು ಹೊಟ್ಟೆಗೆ ಹಾಕಿಕೊಳ್ಳಲು ಅವನಿಗೆ ಆಗಲಿಲ್ಲ. ಮೈಕಿನಿಂದ ಒಂದು ಹೆಜ್ಜೆ ಹಿಂದೆ ಸರಿದು ನಿಂತ, ಗಂಟಲನ್ನು ಸಣ್ಣಗೆ ಮಾಡಿದ, ಹಲ್ಲು ಬಿದ್ದ ಕಡೆ ಗಾಳಿ ಸೋರುವಂತೆ ನಾಲಿಗೆ ಮಡಿಚಿದ. ಇಮಾಮುದ್ದೀನ ಒಂದು ಯಂತ್ರದಿಂದ ಶಲವಡಿಯ ಬರಿ ಸಪ್ಪಳ ಬಿಟ್ಟ, ಇನ್ನೊಂದು ಯಂತ್ರ ಅದನ್ನೂ ಇವನ ದನಿಯನ್ನೂ ಕೂಡಿಸಿ ಹಿಡಿದುಕೊಂಡಿತು.

"ಮಡಿವಾಳೆಪ್ಪ."

"ಯಾ ಅಲ್ಲಾ, ಮುದುಕೀನ ಬಂದು ನಿಂತಂಗ ಆತಲ್ಲೋ!" ಎಂದು ಇಮಾಮುದ್ದೀನ ಹೊಟ್ಟೆ ಹಿಡಿದುಕೊಂಡು ನಕ್ಕ.

ನಾಯಿ ಹೊರಗೆ ಬಂತು, ಈರಬಸಪ್ಪ ಒಳಗೆ ಹೋದ. ಕೊಯ್ದ ನಾಯಿಯ ತುಂಡನ್ನು ರೂಢಿಯಂತೆ ಮೊಳೆಗೆ ಸಿಕ್ಕಿಸಿದ. ಕೇಳಿದ ಸಾಹೇಬರು, "ಏನ್ ಕ್ಲೀನ್ ಕೆಲಸಾರೀ!" ಎಂದರು.

ಪ್ರಸಾರದ ಸಂಜೆ ತನ್ನ ಕೈಚಳಕವನ್ನು ಊರವರ ನಡುವೆ ಕೂತು ಕೇಳಬೇಕೆಂಬ ಆಸೆಯಿಂದ ಈರಬಸಪ್ಪ ಶಲವಡಿಗೇ ಹೋದ. ಪಂಚಾಯಿತಿ ಕಟ್ಟಡದ ರೇಡಿಯೋ ಮುಂದೆ ಜನ ಸೇರಿದ್ದರು. ಹೆಂಗಸರು ಒಂದು ಬದಿ, ಗಂಡಸರು ಒಂದು ಬದಿ. ಮಡಿವಾಳೆಪ್ಪ ತಲೆಗೆ ಒಗೆದ ಪಟಗಾ ಸುತ್ತಿಕೊಂಡು ಮುಂದೆ ಕೂತಿದ್ದ. ರೇವವ್ವನ ಬೂದಿಗೂ ತಪ್ಪಲಿಗೂ ಜನ ತಲೆಯಾಡಿಸಿದರು. ಆಮೇಲೆ ಪ್ರಶ್ನೆ ಬಂತು. ಯಾರೋ "ಭಲೇ" ಎಂದರು. ಈರಬಸಪ್ಪನ ಎದೆ ಒಂದು ಗೇಣು ಉಬ್ಬಿತು.

"ಅವ್ರ ಹೆಸರು… ಮಡಿವಾಳೆಪ್ಪ. ಅಷ್ಟ ನೋಡ್ರಿ!"

ನಗೆ ಬರಲಿಲ್ಲ. ಹೆಂಗಸರ ಕಡೆಯಿಂದ ಉಸಿರೆಳೆದುಕೊಂಡ ಸದ್ದೊಂದು ಬಂತು. ಗೌರಕ್ಕ, ರೇವವ್ವನ ನೆರೆಮನೆಯವಳು, ಬಾಯಿಗೆ ಸೆರಗು ಒತ್ತಿಕೊಂಡು ಅಂದಳು:

"ಅಯ್ಯ ಶಿವನ! ರೇಡಿಯೋದಾಗ ಗಂಡನ ಹೆಸರ ಹಿಡದ ಒದರಿದೀಯಲ್ಲಬೇ ರೇವಕ್ಕಾ!"

ಈರಬಸಪ್ಪನಿಗೆ ತಾನು ಮಾಡಿದ್ದು ಆಗ ಹೊಳೆಯಿತು. ಅವನೇನು ಪರದೇಶದವನೇ? ಅವನ ಹಡೆದವ್ವ ಇವತ್ತಿಗೂ ಅಪ್ಪನನ್ನು "ನಮ್ಮನಿಯವ್ರು" ಎಂದೇ ಅನ್ನುವಾಕೆ. ರೇಶನ್ ಕಾರ್ಡಿನವ ಹೆಸರು ಕೇಳಿದರೆ ಮಗನನ್ನು ಮುಂದೆ ನೂಕುವಾಕೆ. ಮದುವೆಯಲ್ಲಿ ಹತ್ತು ಮಂದಿ ಬಾಗಿಲು ತಡೆದು ನಿಂತಾಗ ಗಂಡನ ಹೆಸರನ್ನು ಪದ್ಯದೊಳಗೆ ಮಡಚಿಟ್ಟು ಒಡಪಿನಲ್ಲಿ ಒಮ್ಮೆ ಹೇಳಿದ್ದೇ ಹೇಳಿದ್ದು. ಇಷ್ಟು ಗೊತ್ತಿದ್ದ ಮಗ ಒಂದು ಶ್ಲೇಷೆಯ ಆಸೆಗೆ ಎಲ್ಲವನ್ನೂ ಮರೆತಿದ್ದ.

"ನಾ ಅಂದಿಲ್ಲ" ಎಂದಳು ರೇವವ್ವ.

"ಅಂದಿಲ್ಲಂದ್ರ? ನಮಗೆಲ್ಲಾ ಕಿವಿ ಇಲ್ಲೇನು? ನಿನ್ನ ದನಿ ನಮಗ ಗುರ್ತು ಇಲ್ಲೇನು?" ಗೌರಕ್ಕನ ದನಿ ಏರಿತು. "ನಮ್ಮ ಸೊಸಿ ಸಾವಂತ್ರೆವ್ವ ಬಾವಿ ಕಟ್ಟಿ ಮ್ಯಾಲ ಮರತ ಒಮ್ಮೆ ಗಂಡನ ಹೆಸರ ಅಂದಿದ್ಕ ನಾಕ ಮಂದ್ಯಾಗ ಹೆಂಗ ನೀರ ಇಳಸಿದ್ದಿ! ಆ ಹುಡುಗಿ ಎಂಟ ದಿನ ಬಾವಿಗೆ ಬರಲಿಲ್ಲ. ಈಗ ನಿಂದೇನಬೇ?"

"ನಾ ಅಂದಿಲ್ಲ ಗೌರಾ. ಆಣಿ ಮಾಡಿ ಹೇಳತೇನಿ." ರೇವವ್ವ ಸುತ್ತ ನೋಡಿದಳು. ಎಲ್ಲರೂ ರೇಡಿಯೋ ಪೆಟ್ಟಿಗೆಯನ್ನು ನೋಡುತ್ತಿದ್ದರು. ಅದಕ್ಕೆ ಸುಳ್ಳು ಬರುವುದಿಲ್ಲವೆಂಬ ನಂಬಿಕೆ ಎಲ್ಲರ ಮುಖದಲ್ಲಿತ್ತು. ಅವಳ ಕಣ್ಣು ಈರಬಸಪ್ಪನಿಗೆ ಬಂದು ನಿಂತಿತು. "ತಮ್ಮಾ, ನೀ ಎದುರಿಗೇ ಕುಂತಿದ್ದಿ. ಹೇಳಪಾ ಇವ್ರಿಗೆ."

ಬಾಯಲ್ಲಿ ಊರು ಇಟ್ಟುಕೊಂಡಿದ್ದವನಿಗೆ ಆಗ ಸಿಕ್ಕಿದ್ದು ಸಾಹೇಬರ ದನಿ.

"ನಾಯಿ ಒದರಾಕತ್ತಿತ್ತಲ್ರಿ ಯವ್ವಾ. ಆ ಗದ್ದಲದಾಗ ಬಾಯಿಂದ ಬಂದಿರಬೇಕು. ನಿಮಗ ಖಬರ ಇಲ್ಲ ಅಷ್ಟ."

ಅಂದದ್ದು ಅರ್ಧ ನಂಬಿ. ಬೊಗಳಿನ ಅಡಿಯ ಆ "ಮ"ವನ್ನು ಅವನು ಕಂಬದಂತೆ ಹಿಡಿದುಕೊಂಡಿದ್ದ. ರೇವವ್ವ ಸೆರಗನ್ನು ಹಣೆಯ ತನಕ ಎಳೆದುಕೊಂಡು ಕೂತಳು. ಊರಿಗೆ ಬುದ್ಧಿ ಹೇಳುತ್ತಿದ್ದವಳು ಈಗ ಸುಳ್ಳುಗಾತಿ.

ಇದಕ್ಕಿಂತ ಕೆಟ್ಟದ್ದು ಮಡಿವಾಳೆಪ್ಪನ ಮುಖ. ಬಯ್ಯುತ್ತಾನೆಂದು ಈರಬಸಪ್ಪ ಕಾಯ್ದರೆ ಮುದುಕನ ಕಣ್ಣು ತುಂಬಿ ಬಂದಿತ್ತು. ಬಸ್ಸಿನ ತನಕ ಕಳಿಸಲು ಬಂದು ಮೆಲ್ಲಗೆ ಅಂದ: "ಲಗ್ನದಾಗ ಒಡಪ ಹಾಕಿದಾಗ ಒಮ್ಮೆ ಕೇಳಿದ್ದೆ ನೋಡಪಾ. ಇವತ್ತ ಎರಡನೇದು. ಮಂದಿ ಏನರ ಅನ್ನವಲ್ರ್ಯಾಕ. ಅಗದಿ ಚಂದ ಅಂದ್ಳು."

ನಿಲಯಕ್ಕೆ ಮರಳಿದವನೇ ಈರಬಸಪ್ಪ ಮೊಳೆಗೆ ಸಿಕ್ಕಿಸಿದ್ದ ತುಂಡನ್ನು ತೆಗೆದ. ಅದರ ಎರಡೂ ತುದಿಗೆ ಯಂತ್ರ ಹಿಡಿಯುವಷ್ಟು ಉದ್ದದ ಬಿಳಿ ಪಟ್ಟಿ ಅಂಟಿಸಿ ಯಂತ್ರಕ್ಕೆ ಏರಿಸಿದ. ಈ ಸಲ ಓಡಿಸಲಿಲ್ಲ. ಚಕ್ರಗಳನ್ನು ಕೈಯಿಂದ ಇರುವೆ ನಡಿಗೆಯಲ್ಲಿ ಆಡಿಸಿದ. ಮೊದಲ ಬೊಗಳು. ಬೊಗಳಿನ ಬಾಲದಲ್ಲಿ ನಾಯಿಯೇ ಗುರ್ರೆನ್ನುವ ಒಂದು ಮೊಂಡು ಸದ್ದು. ಅವನ "ಮ" ಅದು. ಆಮೇಲೆ ಎರಡು ಬೊಗಳಿನ ನಡುವೆ ಒಂದು ಸಣ್ಣ ಬಿಡುವು. ಆ ಬಿಡುವಿನಲ್ಲಿ ಮಾತಿಲ್ಲ, ಮಾತಿನ ತುಣುಕೂ ಇಲ್ಲ. ಅಲ್ಲಿದ್ದದ್ದು ಗಾಜಿನ ಬಳೆಗಳು. ಘಲ್ ಎಂದು ಮೇಲೇರಿ, ಒಂದು ಕ್ಷಣ ನಿಂತು, ಘಲ್ ಎಂದು ಇಳಿದ ಬಳೆಗಳು.

ಕೈ ಎತ್ತಿ ಬಾಗಿಲ ಬಾಜು ಕೂತವನ ಕಡೆ ತೋರಿಸಿದ್ದಳು. ಹೆಸರು ಕೇಳಿದವನಿಗೆ ಮನುಷ್ಯನನ್ನೇ ತೋರಿಸಿ, "ಅಷ್ಟ ನೋಡ್ರಿ" ಎಂದಿದ್ದಳು. ಚಮತ್ಕಾರ ಅವಳದಾಗಿತ್ತು. ಗಂಡ-ಹೆಂಡತಿ ನಕ್ಕದ್ದೂ ಅದಕ್ಕೇ. ಮುಳ್ಳು ನೋಡುತ್ತ ಕೂತವನೊಬ್ಬನಿಗೇ ಅದು ಕಂಡಿರಲಿಲ್ಲ.

ಹೆಸರಿನ ಹತ್ತಿರ ನಾಯಿ ಮಾತಿನ ಮೇಲೆ ಬೊಗಳಿರಲೇ ಇಲ್ಲ, ಮೌನದ ಮೇಲೆ ಬೊಗಳಿತ್ತು. ಕೊಯ್ದು ಆ ಮನೆಯ ಮೌನವನ್ನು ಕೂರಿಸಿದ್ದರೆ ಮುಗಿದಿತ್ತು. ಬೊಗಳನ್ನು ಹಾಗೆಯೇ ಬಿಟ್ಟಿದ್ದರೂ ಮುಗಿದಿತ್ತು. ಈರಬಸಪ್ಪ ಎರಡೂ ಕೈಯಲ್ಲಿ ಕಿವಿ ಮುಚ್ಚಿಕೊಂಡು ಕೂತ. ಮುಚ್ಚಿದ ಕಿವಿಯೊಳಗೂ ತನ್ನ ದನಿಯೇ ಮುದುಕಿಯ ದನಿಯಾಗಿ ಮಡಿವಾಳೆಪ್ಪನನ್ನು ಕೂಗುತ್ತಿತ್ತು.

"ಹೇಳಬ್ಯಾಡಲೇ" ಎಂದ ಇಮಾಮುದ್ದೀನ. "ನಾಕ ದಿನಾ ಹೋದ್ರ ಮಂದಿ ಮರೀತಾರ. ಸಾಹೇಬ್ರಿಗೆ ಗೊತ್ತಾತಂದ್ರ ನಿನ್ನೂ ಮೊಳಿಗೆ ಸಿಗಸ್ತಾರ."

"ಮಂದಿ ಮರೀತಾರ. ಮುದುಕಿ ಮರೀತಾಳೇನು?"

ಸಾಹೇಬರಿಗೆ ತಾನೇ ಹೋಗಿ ಹೇಳಿದ. ಅವರು ಬಹಳ ಹೊತ್ತು ಕೂಗಾಡಿದರು. ಮುಂದಿನ ಕಾರ್ಯಕ್ರಮದಲ್ಲಿ ತಪ್ಪಾಯಿತೆಂದು ಓದಬೇಕು, ಆಮೇಲೆ ಇವನ ವಿಚಾರ ನೋಡೋಣ ಎಂದರು. ಅವರ ಕೂಗಾಟದ ಒಂದು ಏರಿಳಿತವನ್ನೂ ಅವನ ಗಂಟಲು ಹಿಡಿದಿಟ್ಟುಕೊಳ್ಳಲಿಲ್ಲ. ಯಂತ್ರವನ್ನು ಹೊತ್ತುಕೊಂಡು ಮತ್ತೆ ಶಲವಡಿಯ ಬಸ್ಸು ಹತ್ತಿದ.

ಪಡಸಾಲೆಯಲ್ಲಿ ಅದೇ ಚಾಪೆ. ಈ ಸಲ ಅವನೇ ಗೌರಕ್ಕನನ್ನು, ಅವಳ ಸೊಸೆ ಸಾವಂತ್ರೆವ್ವನನ್ನು, ಓಣಿಯ ನಾಲ್ಕು ಮಂದಿಯನ್ನು ಕರೆದಿದ್ದ. ರೇವವ್ವ ಮೂಲೆಯಲ್ಲಿ ಕೂತು ಅವನತ್ತ ನೋಡಲಿಲ್ಲ. ಮಡಿವಾಳೆಪ್ಪ ಮಾತ್ರ, "ಬರ್ರಿ ಬರ್ರಿ, ಇನ್ನೊಮ್ಮೆ ಕೇಳಸ್ತೀರೇನು?" ಎಂದು ಹಿಗ್ಗಿನಿಂದ ಮುಂದೆ ಸರಿದು ಕೂತ. ಈರಬಸಪ್ಪನಿಗೆ ಎದ್ದು ಓಡಿಬಿಡಲೇ ಎನಿಸಿತು. ನಿಜ ಹೇಳಿದರೆ ಮುದುಕಿಗೆ ಅವಳ ಮಾತು ಮರಳಿ ಸಿಗುತ್ತಿತ್ತು, ಮುದುಕನಿಂದ ಅವನ ಹೆಸರು ಹೋಗುತ್ತಿತ್ತು. ಒಂದು ತೇಪೆ ಬಿಚ್ಚಲು ಹೋದರೆ ಎರಡು ಕಡೆ ಹರಿಯುವ ಬಟ್ಟೆ ಅದು.

ಗುಂಡಿ ಒತ್ತಿದ. ಕೊಯ್ದ ತುಂಡನ್ನು ಅದರ ಜಾಗದಲ್ಲೇ ಮತ್ತೆ ಅಂಟಿಸಿ ತಂದಿದ್ದ.

"ಅವ್ರ ಹೆಸರು…" ಬೊಗಳು. ಘಲ್, ಘಲ್. ಬೊಗಳು. "ಅಷ್ಟ ನೋಡ್ರಿ!"

ಮೂರು ಸಲ ಕೇಳಿಸಿದ. ಮೂರನೆಯ ಸಲಕ್ಕೆ ಸಾವಂತ್ರೆವ್ವ ಮೆಲ್ಲಗೆ, "ಬಳಿ… ಬಳಿ ಸಪ್ಪಳ ಅದು. ಅತ್ತಿ, ಈ ದೊಡ್ಡವ್ವ ಕೈ ಮಾಡಿ ತೋರಸ್ಯಾಳ" ಎಂದಳು.

ಗೌರಕ್ಕ ಬಿಡುವವಳೇ? "ಹಂಗಾದ್ರ ರೇಡಿಯೋದಾಗ ಅಂದಾಕಿ ಯಾರು? ಆ ದನಿ ಯಾರ್ದು?"

ಈರಬಸಪ್ಪ ಎದ್ದು ನಿಂತ. ಎಷ್ಟು ಕಡೆ ಎಷ್ಟು ಜನರ ಮುಂದೆ ಹೀಗೆ ಎದ್ದು ನಿಂತು ನಗಿಸಿದ್ದನೋ. ಗಂಟಲನ್ನು ಸಣ್ಣಗೆ ಮಾಡಿದ. ನಾಲಿಗೆಯನ್ನು ಮಡಿಚಿದ.

"ಮಡಿವಾಳೆಪ್ಪ" ಎಂದ.

ಯಾರೂ ನಗಲಿಲ್ಲ. ಅವನ ಬಾಯಿಂದ ರೇವವ್ವ ಹೊರಗೆ ಬಂದು ಪಡಸಾಲೆಯ ನಡುವೆ ನಿಂತಂತಾಗಿ, ಅಲ್ಲಿದ್ದ ನಿಜವಾದ ರೇವವ್ವ ತನ್ನ ಬಾಯಿಯನ್ನು ತಾನೇ ಮುಟ್ಟಿ ನೋಡಿಕೊಂಡಳು.

"ನಾನ ರೀ" ಎಂದ ಈರಬಸಪ್ಪ ತನ್ನ ದನಿಯಲ್ಲಿ. ಎಷ್ಟೋ ದಿನದ ಮೇಲೆ ಕೇಳಿದಂತೆ ಅದು ಅವನಿಗೇ ಅಪರಿಚಿತವಾಗಿತ್ತು. "ನಾಯಿ ತಗಿಯಾಕ ಹೋಗಿ ನಾನ ಬೊಗಳೀನಿ. ಅವತ್ತ ಕೇಳಿದಾಗೂ ಸುಳ್ಳ ಹೇಳೀನಿ. ತಪ್ಪಾತ್ರಿ ಯವ್ವಾ."

ಗೌರಕ್ಕ ನೆಲ ನೋಡುತ್ತ, "ನಾನೂ ಹಂಗ ಅನಬಾರದಿತ್ತು ರೇವಕ್ಕಾ" ಎಂದಳು.

"ನೀ ಕೇಳಿದ್ದ ಅಂದಿ. ನಾನೂ ಸಾವಂತ್ರಿಗೆ ಅಷ್ಟ ನೀರ ಇಳಸಬಾರದಿತ್ತು" ಎಂದಳು ರೇವವ್ವ. ಆಮೇಲೆ ಈರಬಸಪ್ಪನ ಕಡೆ ತಿರುಗಿದಳು. "ನೀ ಮಾತ್ರ, ತಮ್ಮಾ, ಎದುರಿಗೆ ಕುಂತಿದ್ದಿ."

ಅಷ್ಟೇ ಅಂದಳು.

ಮಡಿವಾಳೆಪ್ಪ ಅಷ್ಟು ಹೊತ್ತೂ ಯಂತ್ರದ ನಿಂತ ಚಕ್ರಗಳನ್ನೇ ನೋಡುತ್ತಿದ್ದ. "ನೀವೇನ್ರಿ ಅಂದದ್ದು" ಎಂದ, ಕೇಳಿದಂತಲ್ಲ, ಲೆಕ್ಕ ತಿದ್ದಿಕೊಂಡಂತೆ. ಹಿಗ್ಗಿನಲ್ಲಿ ಮುಂದೆ ಸರಿದು ಕೂತವನು ಹಾಗೆಯೇ ಹಿಂದೆ ಸರಿದ. "ಆತ ಬಿಡ್ರಿ. ಒಡಪಿನ್ದೊಂದ ಐತಿ" ಎಂದು ಎದ್ದು, ಕೆರವು ಮೆಟ್ಟಿ, ಹೊಲದ ದಾರಿ ಹಿಡಿದ.

"ಏನ್ರೀ… ಕೇಳಿದ್ರೇನು?" ರೇವವ್ವ ಬಾಗಿಲಿಗೆ ಬಂದು ಕೂಗಿದಳು. ಮುದುಕ ತಿರುಗಲಿಲ್ಲ. ಓಣಿಯಲ್ಲಿ ಎಷ್ಟೋ ಹೆಂಗಸರು ಎಷ್ಟೋ ಗಂಡಸರನ್ನು ಹಾಗೆಯೇ ಕೂಗುತ್ತಾರೆ. "ಏನ್ರೀ…" ಇನ್ನೊಮ್ಮೆ ಕೂಗಿದಳು. ಮುದುಕ ಓಣಿಯ ತಿರುವಿನ ಹತ್ತಿರ ಹೋಗಿದ್ದ. ಗೌರಕ್ಕ, ಸಾವಂತ್ರೆವ್ವ, ನೆರೆದ ನಾಲ್ಕು ಮಂದಿ ಅವಳ ಬಾಯಿಯನ್ನೇ ನೋಡುತ್ತಿದ್ದರು. ಅಲ್ಲಿ ಅವಳ ದನಿಯಲ್ಲಿ ಆ ಹೆಸರನ್ನು ಕೂಗಬಲ್ಲ ಗಂಟಲು ಒಂದೇ ಇತ್ತು. ಅದು ಈರಬಸಪ್ಪನದು. ಅವನು ಬಗ್ಗಿ ಯಂತ್ರದ ಮುಚ್ಚಳ ಹಾಕಿದ.

ರೇವವ್ವ ತುಟಿ ಕಚ್ಚಿಕೊಂಡಳು. ಸೀರೆಯ ನಿರಿಗೆಯನ್ನು ಒಂದು ಕೈಯಲ್ಲಿ ಎತ್ತಿ ಹಿಡಿದು, ಮಂಡಿನೋವಿನ ಕಾಲುಗಳಲ್ಲಿ ಕುಂಟುತ್ತ, ಗಂಡನ ಹಿಂದೆ ಓಡಿದಳು.